ನೋಟ್ಸಿನಲ್ಲಿ ಬಿಟ್ಟುಹೋದ ಸಾಲುಗಳು: ಒಂದು ಡೆರಿವೇಟಿವ್ ಲೆಕ್ಕದ ಪ್ರಕರಣ

ಹಿನ್ನೆಲೆ

ಶಿರಸಿ ಕಡೆಯ ಒಂದು ಹಳ್ಳಿಯ ಹುಡುಗಿ. ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಹತ್ತನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಹೆಸರು, ಊರು, ಕಾಲೇಜು ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ, ಲೆಕ್ಕಗಳನ್ನು ಮಾತ್ರ ಮುಟ್ಟಿಲ್ಲ.

ನಾನು ಸಂಜೆ ಹೊತ್ತು ಮನೆಯಲ್ಲೇ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇವಳು ಬಂದಿದ್ದು ಮಳೆಗಾಲದ ಕೊನೆಯಲ್ಲಿ. ಆ ವರ್ಷ ಮಳೆ ರಜೆಗಳು ಜಾಸ್ತಿಯಾಗಿ ಕಾಲೇಜಿನಲ್ಲಿ ಪಾಠ ಹಿಂದೆ ಬಿದ್ದಿತ್ತು. ಲೆಕ್ಚರರ್ ತಮ್ಮ ಕೈಬರಹದ ನೋಟ್ಸನ್ನೇ ಝೆರಾಕ್ಸ್ ಮಾಡಿಸಿಕೊಳ್ಳಿ ಎಂದು ಕೊಟ್ಟಿದ್ದರು. ಒಳ್ಳೆಯ ನೋಟ್ಸೇ, ತಪ್ಪು ಒಂದೂ ಇರಲಿಲ್ಲ. ಆದರೆ ಅದನ್ನು ಬರೆದವರು ಇಪ್ಪತ್ತು ವರ್ಷ ಅದೇ ಲೆಕ್ಕ ಮಾಡಿದವರು. ಅವರಿಗೆ ಬರೆಯುವ ಅಗತ್ಯವೇ ಕಾಣದ ಸಾಲುಗಳು ಅದರಲ್ಲಿ ಇರಲಿಲ್ಲ.

ತೊಡಕಾದ ಉದಾಹರಣೆ ಇದು:

y = x / √(x² + 1)

dy/dx = [ √(x² + 1) · 1 − x · 2x / (2√(x² + 1)) ] / (x² + 1)

ಸುಲಭೀಕರಿಸಿದರೆ,

dy/dx = 1 / (x² + 1)^(3/2)

ಇಷ್ಟೇ. ಎರಡನೇ ಸಾಲಿನಿಂದ ಮೂರನೆಯದಕ್ಕೆ ಒಂದೇ ನೆಗೆತ.

ಸಮಸ್ಯೆ ಏನಾಗಿತ್ತು

ಅವಳು ಬಂದವಳೇ ಹೇಳಿದ್ದು, "ಅಕ್ಕಾ, ನಂಗೆ ಕ್ಯಾಲ್ಕುಲಸ್ ಬರೋದಿಲ್ಲ." ನಾನು ಪುಸ್ತಕ ತೆಗೆಸಿ, ಪೆನ್ಸಿಲ್ ಕೊಟ್ಟು, ಈ ಉದಾಹರಣೆಯಲ್ಲಿ ಯಾವ ಸಮ ಚಿಹ್ನೆಯನ್ನು ನಂಬೋಕೆ ಆಗಲ್ಲವೋ ಅದಕ್ಕೆ ಸುತ್ತು ಹಾಕು ಎಂದೆ. ಎರಡನೇ ಸಾಲಿನ ಸಮ ಚಿಹ್ನೆಗೆ ಸುತ್ತು ಬೀಳಲಿಲ್ಲ. ಕೋಶಂಟ್ ರೂಲ್ ಹೇಳು ಎಂದರೆ ತಡವರಿಸದೆ ಹೇಳಿದಳು. √(x² + 1) ನ ಡೆರಿವೇಟಿವ್‌ನಲ್ಲಿ 2x ಯಾಕೆ ಬಂತು ಎಂದರೆ ಚೈನ್ ರೂಲ್ ಎಂದಳು. ಸುತ್ತು ಬಿದ್ದಿದ್ದು ಕೊನೆಯ ಸಾಲಿಗೆ ಮಾತ್ರ.

"ಇಲ್ಲಿ ಮೇಲೆ ಒಂದು ಎಲ್ಲಿಂದ ಬಂತು? x ಎಲ್ಲಾ ಎಲ್ಲಿ ಹೋಯ್ತು? ಈ ಮೂರು ಬೈ ಎರಡು ಎಂತಕ್ಕೆ?"

ಅಂದರೆ ಕ್ಯಾಲ್ಕುಲಸ್ ಎರಡನೇ ಸಾಲಿಗೇ ಮುಗಿದಿತ್ತು, ಅದು ಅವಳಿಗೆ ಬರುತ್ತಿತ್ತು ಕೂಡ. ಉಳಿದಿದ್ದೆಲ್ಲ ಬೀಜಗಣಿತ. ಅದರಲ್ಲೂ ಹೊಸದೇನಿಲ್ಲ, ಭಿನ್ನರಾಶಿ ಕಳೆಯುವುದು, ಭಾಗಿಸುವುದು, ಘಾತಾಂಕ ಕೂಡಿಸುವುದು. ಆದರೂ ಅವಳು ಇಡೀ ಅಧ್ಯಾಯವನ್ನೇ 'ಬರೋದಿಲ್ಲ' ಎಂದು ಬದಿಗಿಟ್ಟಿದ್ದಳು. ಪಿಯು ಮಕ್ಕಳಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ.

ಮೊದಲು ಮಾಡಿದ್ದು

ನನ್ನ ಹತ್ತಿರ ಬರುವ ಮೊದಲೇ ಅವಳು ಒಂದು ದಾರಿ ಹುಡುಕಿದ್ದಳು. ಕ್ಲಾಸಿನ ಚುರುಕಿನ ಗೆಳತಿಯೊಬ್ಬಳು ಬಿಟ್ಟುಹೋದ ಸಾಲುಗಳನ್ನೆಲ್ಲ ಬರೆದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಇವಳು ಅದನ್ನು ನೀಟಾಗಿ ನೋಟ್ಸಿಗೆ ಇಳಿಸಿಕೊಂಡಿದ್ದಳು. ಸಾಲುಗಳೆಲ್ಲ ಸರಿಯಾಗಿದ್ದವು. ಓದುವಾಗ ಪ್ರತಿ ಸಾಲೂ ಸರಿ ಅನ್ನಿಸುತ್ತಿತ್ತಂತೆ.

ಹಾಗಾದರೆ ಪಕ್ಕದ ಅಭ್ಯಾಸದ ಲೆಕ್ಕ ಮಾಡು ಎಂದೆ. ಅದು y = x / √(x² + 4). ಅಂಕಿ ಒಂದು ಮಾತ್ರ ಬೇರೆ. ಅವಳು ಎರಡನೇ ಸಾಲಿನವರೆಗೆ ಸರಿಯಾಗಿ ಬಂದಳು. ಆಮೇಲೆ ಹೀಗೆ ಬರೆದಳು:

= [ (x + 2) − x² / (x + 2) ] / (x² + 4)

= (4x + 4) / [ (x + 2)(x² + 4) ]

ನೋಡಿ, ಈ ಎರಡರಲ್ಲಿ ಕೆಳಗಿನ ಸಾಲಿಗೆ ಹೋಗಲು ಅವಳು ಮಾಡಿದ ಕೆಲಸ ಎಷ್ಟು ಚೆನ್ನಾಗಿದೆ. ಛೇದ ಒಂದೇ ಮಾಡಿ, (x + 2)² ಬಿಡಿಸಿ, x² ಕಳೆದಿದ್ದಾಳೆ. ಗೆಳತಿಯ ಸಾಲುಗಳನ್ನು ಸುಮ್ನೆ ನಕಲು ಮಾಡಿರಲಿಲ್ಲ, ದಾರಿ ಅರ್ಥವಾಗಿತ್ತು. ಹಾಳಾಗಿದ್ದು ಒಂದೇ ಜಾಗದಲ್ಲಿ: √(x² + 4) ಅವಳ ಕೈಯಲ್ಲಿ x + 2 ಆಗಿತ್ತು.

ಇದು ಎಲ್ಲಿಂದ ಬರುತ್ತದೆ ಎಂಬುದು ಊಹಿಸಲು ಕಷ್ಟವಿಲ್ಲ. √(x² · 4) ಎಂಬುದು 2x ಆಗುತ್ತದೆ (x ಧನ ಸಂಖ್ಯೆಯಾದರೆ). ಗುಣಾಕಾರದಲ್ಲಿ ವರ್ಗಮೂಲ ಒಂದೊಂದರ ಮೇಲೂ ಬೇರೆಬೇರೆಯಾಗಿ ಕೂರುತ್ತದೆ. ಸಂಕಲನದಲ್ಲೂ ಹಾಗೇ ಕೂರುತ್ತದೆ ಎಂದು ಕೈ ತಾನಾಗಿ ಬರೆದುಬಿಡುತ್ತದೆ. ಗೆಳತಿಯ ಫೋಟೋದಲ್ಲಿ ಈ ತಪ್ಪು ಇರಲಿಲ್ಲ, ಹಾಗಾಗಿ ಅದನ್ನು ತಿದ್ದುವ ಸಂದರ್ಭವೂ ಬಂದಿರಲಿಲ್ಲ. ಸರಿಯಾದ ಸಾಲುಗಳನ್ನು ಎಷ್ಟು ತೋರಿಸಿದರೂ ಓದುವವರ ತಲೆಯಲ್ಲಿರುವ ತಪ್ಪು ಸಾಲು ಹೊರಗೆ ಬರುವುದಿಲ್ಲ. ಅವರೇ ಬರೆಯಬೇಕು, ಆಗ ಗೊತ್ತಾಗುತ್ತದೆ.

ಸೊನ್ನೆ ಹಾಕಿ ನೋಡಿದ್ದು

ನನಗೆ ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಮುಂದಿನ ಭಾಗಕ್ಕಾಗಿ. ಪುಸ್ತಕದ ಹಿಂದೆ ಇದ್ದ ಉತ್ತರ 4 / (x² + 4)^(3/2). ಅವಳದ್ದು ಬೇರೆ. ಅವಳು ಸುಮ್ಮನೆ ಕೂರಲಿಲ್ಲ. ಎರಡಕ್ಕೂ x = 0 ಹಾಕಿ ನೋಡಿದಳು.

ಅವಳದ್ದು: 4 / (2 · 4) = 1/2

ಪುಸ್ತಕದ್ದು: 4 / 4^(3/2) = 4/8 = 1/2

"ಎರಡೂ ಒಂದೇ ಬಂತಲ್ಲ ಅಕ್ಕಾ. ಉತ್ತರ ಅದೇ, ಬರೆದ ರೀತಿ ಮಾತ್ರ ಬೇರೆ ಅಲ್ವಾ?"

ಸಂಖ್ಯೆ ಹಾಕಿ ಪರೀಕ್ಷೆ ಮಾಡಬೇಕು ಅನ್ನೋದು ಅವಳಿಗೆ ತಾನಾಗಿಯೇ ಹೊಳೆದಿತ್ತು. ಅದು ನಿಜಕ್ಕೂ ಒಳ್ಳೆಯ ಅಭ್ಯಾಸ. ಆದರೆ ಅವಳು ಆರಿಸಿದ್ದು ಈ ತಪ್ಪು ಅಡಗಿಕೊಳ್ಳಬಲ್ಲ ಒಂದೇ ಒಂದು ಸಂಖ್ಯೆಯನ್ನು. (x + 2)² ಬಿಡಿಸಿದರೆ x² + 4x + 4 ಬರುತ್ತದೆ. √(x² + 4) ಅನ್ನು x + 2 ಎಂದು ಬರೆದಾಗ ನಡುವೆ ನುಸುಳುವುದು ಆ 4x. x ಸೊನ್ನೆಯಾದರೆ 4x ಕೂಡ ಸೊನ್ನೆ. ಬೇರೆ ಯಾವ ಸಂಖ್ಯೆಗೂ ಅದು ಸೊನ್ನೆಯಾಗುವುದಿಲ್ಲ.

ಸೊನ್ನೆಯನ್ನೇ ಯಾಕೆ ತೆಗೆದುಕೊಂಡಳು? ಸುಲಭ ಅಂತ ಮಾತ್ರ ಅಲ್ಲ. 1 ಹಾಕಿದರೆ √5 ಬರುತ್ತದೆ, 2 ಹಾಕಿದರೆ √8, 3 ಹಾಕಿದರೆ √13. ವರ್ಗಮೂಲ ನೆಟ್ಟಗೆ ಬಿಡುವ ಪೂರ್ಣ ಸಂಖ್ಯೆ ಸೊನ್ನೆ ಬಿಟ್ಟರೆ ಇಲ್ಲಿ ಬೇರೆ ಇಲ್ಲವೇ ಇಲ್ಲ. ಹೀಗಾಗಿ ಈ ಜಾತಿಯ ಲೆಕ್ಕದಲ್ಲಿ ಯಾರೇ ಆಗಲಿ ಪರೀಕ್ಷೆಗೆ ಮೊದಲು ಸೊನ್ನೆಗೇ ಕೈ ಹಾಕುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಇಲ್ಲಿ ನನ್ನ ಮುಂದೆ ಎರಡು ದಾರಿ ಇದ್ದವು. "ವರ್ಗಮೂಲವನ್ನು ಹಾಗೆ ಬಿಡಿಸಬಾರದು" ಎಂದು ನಿಯಮ ಹೇಳಿ ಮುಗಿಸುವುದು ಒಂದು. ಅವಳ ಪರೀಕ್ಷೆಯನ್ನೇ ಇಟ್ಟುಕೊಂಡು ಸಂಖ್ಯೆ ಮಾತ್ರ ಬದಲಿಸುವುದು ಇನ್ನೊಂದು. ಎರಡನೆಯದನ್ನು ಆರಿಸಿದೆ. ನಿಯಮ ಅವಳಿಗೆ ಮೊದಲೇ ಗೊತ್ತಿತ್ತು. ಕೇಳಿದರೆ ಸರಿಯಾಗಿ ಹೇಳುತ್ತಿದ್ದಳು, ಬರೆಯುವಾಗ ಮಾತ್ರ ಕೈ ಮರೆಯುತ್ತಿತ್ತು.

ವರ್ಗಮೂಲ ನೆಟ್ಟಗೆ ಬರುವ ಭಿನ್ನರಾಶಿ ಹುಡುಕಲು 3, 4, 5 ರ ತ್ರಿಕೋನ ಸಾಕು. ಇಲ್ಲಿ x = 3/2 ಹಾಕಿದರೆ x² + 4 = 9/4 + 16/4 = 25/4. ವರ್ಗಮೂಲ 5/2. ಅವಳೇ ಲೆಕ್ಕ ಮಾಡಿದಳು. ಪುಸ್ತಕದ ಉತ್ತರಕ್ಕೆ 4 ÷ (125/8), ಅಂದರೆ 32/125. ಅವಳ ಉತ್ತರಕ್ಕೆ 10 ÷ (7/2 × 25/4), ಅಂದರೆ 16/35. ಒಂದು 0.256, ಇನ್ನೊಂದು 0.457. ಆಮೇಲೆ ನಾನು ಏನೂ ಹೇಳಬೇಕಾಗಲಿಲ್ಲ. ಅದೇ 3/2 ಅನ್ನು ತನ್ನ ಪ್ರತಿ ಸಾಲಿಗೂ ಹಾಕುತ್ತಾ ಮೇಲಿಂದ ಬಂದಳು. ಕೋಶಂಟ್ ರೂಲಿನ ಸಾಲು 32/125 ಕೊಟ್ಟಿತು. ಅದರ ಮುಂದಿನದ್ದು 16/35. ತಪ್ಪು ಆ ಎರಡು ಸಾಲುಗಳ ನಡುವೆಯೇ ಇರಬೇಕು. x + 2 ಇದ್ದಲ್ಲಿ 7/2 ಬರುತ್ತದೆ, ಬರಬೇಕಾದದ್ದು 5/2. ಅವಳೇ ಅದಕ್ಕೆ ಕಾಟು ಹಾಕಿದಳು.

ಸಾಲುಗಳನ್ನು ತುಂಬಿದ್ದು

ಇಷ್ಟಾದ ಮೇಲೆ ನೋಟ್ಸಿನ ಮೂಲ ಉದಾಹರಣೆಗೆ ಹಿಂದಿರುಗಿದೆವು. x² + 1 ಕ್ಕೆ A ಎಂದು ಹೆಸರಿಟ್ಟೆವು. ಇದರಲ್ಲಿ ಬರವಣಿಗೆ ಕಡಿಮೆಯಾಗುತ್ತದೆ ಅನ್ನೋದು ಸಣ್ಣ ಲಾಭ. ದೊಡ್ಡ ಲಾಭ ಬೇರೆ: √A ಎಂದು ಬರೆದಿದ್ದರೆ ಒಳಗೆ ಕೈ ಹಾಕಿ ಬಿಡಿಸಲು ಏನೂ ಕಾಣುವುದಿಲ್ಲ. A ಎಂದರೆ ಬಾಯಿ ಹೊಲಿದ ಅಡಿಕೆ ಚೀಲ ಎಂದುಕೋ ಎಂದೆ. ಹೊಲಿಗೆ ಬಿಚ್ಚುವ ಜಾಗ ಬರುವವರೆಗೆ ಇಡೀ ಚೀಲವನ್ನೇ ಎತ್ತಿಡಬೇಕು.

ಮೊದಲು ಆ 2 ಮೇಲೆ ಕೆಳಗೆ ಹೊಡೆದುಹೋಗುತ್ತದೆ, x · x ಸೇರಿ x² ಆಗುತ್ತದೆ:

[ √A − x²/√A ] / A

ಮೇಲಿನ ಎರಡು ಪದಗಳಿಗೆ ಒಂದೇ ಛೇದ ಬೇಕು. ಎರಡನೆಯದರ ಕೆಳಗೆ √A ಇದೆ. ಮೊದಲನೆಯದನ್ನು √A · √A / √A ಎಂದು ಬರೆದರೆ ಅದು A/√A ಆಗುತ್ತದೆ:

[ (A − x²) / √A ] / A

ಹೊಲಿಗೆ ಬಿಚ್ಚುವ ಜಾಗ ಇದು. "ಯಾವಾಗ ಬಿಚ್ಚಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಸರಿಯಾದ ಪ್ರಶ್ನೆ, ನೋಟ್ಸು ಹೇಳದೇ ಬಿಟ್ಟಿದ್ದು ಇದನ್ನೇ. A ಯ ಪಕ್ಕದಲ್ಲಿ ಬರೀ x² ಕೂಡುವುದೋ ಕಳೆಯುವುದೋ ಬಂದಾಗ ಬಿಚ್ಚು, ಯಾಕೆಂದರೆ A ಯ ಒಳಗಿರುವುದೂ ಅದೇ x². ಗುಣಿಸುವಾಗ, ಭಾಗಿಸುವಾಗ ಬಿಚ್ಚಬೇಡ. ಇಲ್ಲಿ A − x² = x² + 1 − x² = 1. ಅವಳು ಕೇಳಿದ 'ಒಂದು' ಬಂದಿದ್ದು ಇಲ್ಲಿಂದ. x ಗಳು ಹೋಗಿದ್ದೂ ಇಲ್ಲೇ.

[ 1/√A ] / A

ಎರಡನೇ ಸಲ ಅವಳು ನಿಂತಿದ್ದು ಈ ಸಾಲಿನಲ್ಲಿ. ನೋಟ್ಸಿನ ಅಂಚಿನಲ್ಲಿ ಅವಳೇ ಮೊದಲೊಮ್ಮೆ ಬರೆದಿದ್ದ ಪ್ರಯತ್ನದಲ್ಲಿ ಇದು √A ಆಗಿತ್ತು. ಕಾರಣ ಕೈಬರಹ. ಒಂದರ ಕೆಳಗೆ ಒಂದು ಎರಡು ಗೆರೆ. ಎರಡೂ ಹೆಚ್ಚುಕಡಿಮೆ ಒಂದೇ ಉದ್ದ. 1/√A ಯನ್ನು A ಯಿಂದ ಭಾಗಿಸುವುದೋ, 1 ನ್ನು √A/A ಯಿಂದ ಭಾಗಿಸುವುದೋ ಗೊತ್ತಾಗುವುದಿಲ್ಲ. ಮೊದಲನೆಯದು 1/(A√A). ಎರಡನೆಯದು A/√A, ಅಂದರೆ √A. ಯಾವ ಗೆರೆ ಉದ್ದವೋ ಅದೇ ಮುಖ್ಯ ಭಾಗಾಕಾರ. ಹಾಗಾಗಿ ಆ ಗೆರೆಯನ್ನು ಎರಡು ಕಡೆಗೂ ಎಳೆದು, ಸಮ ಚಿಹ್ನೆಯನ್ನು ಅದರ ನೇರಕ್ಕೇ ಬರೆ ಎಂದೆ.

ನನ್ನನ್ನು ಕೇಳಿದರೆ ಈ ಗೊಂದಲವನ್ನು ಹುಟ್ಟಲಿಕ್ಕೇ ಬಿಡಬಾರದು. ಭಿನ್ನರಾಶಿಯೊಳಗೆ ಭಿನ್ನರಾಶಿ ಕಂಡ ಕೂಡಲೇ ಇಡೀ ಅಂಶವನ್ನೂ ಛೇದವನ್ನೂ √A ಯಿಂದ ಗುಣಿಸಬಹುದು. ಆಗ √A − x²/√A ನೇರವಾಗಿ A − x² ಆಗುತ್ತದೆ, ಕೆಳಗಿನ A ಎಂಬುದು A√A ಆಗುತ್ತದೆ. ಎರಡನೇ ಗೆರೆ ಬರುವುದೇ ಇಲ್ಲ. ಅವಳಿಗೆ ಎರಡೂ ದಾರಿ ತೋರಿಸಿದೆ. ಅವಳು ಇಟ್ಟುಕೊಂಡಿದ್ದು ಗುಣಿಸುವ ದಾರಿಯನ್ನು.

ಉಳಿದಿದ್ದು 3/2. A ಎಂದರೆ A ಯ ಘಾತ 1, √A ಎಂದರೆ ಘಾತ 1/2. ಗುಣಿಸಿದರೆ ಘಾತಾಂಕಗಳು ಕೂಡುತ್ತವೆ. ಇದಕ್ಕೆ ಜಾಸ್ತಿ ಹೊತ್ತು ಬೇಕಾಗಲಿಲ್ಲ. ಕೊನೆಗೆ x = 3/4 ಹಾಕಿ ನೋಡಿದಳು. A = 25/16, √A = 5/4, ಎಲ್ಲಾ ಸಾಲುಗಳೂ 64/125 ಕೊಟ್ಟವು.

ಆಮೇಲೆ ಆಗಿದ್ದು

ಮುಂದಿನ ಸಲ ಅವಳು ತಾನೇ ಆರಿಸಿಕೊಂಡು ಬಂದ ಲೆಕ್ಕ y = x / √(1 − x²). A = 1 − x² ಎಂದಿಟ್ಟಿದ್ದಳು. ಗೆರೆಗಳು ನೆಟ್ಟಗಿದ್ದವು. ಉತ್ತರ (1 − 2x²) / A^(3/2). x = 3/5 ಹಾಕಿ ಪ್ರತಿ ಸಾಲನ್ನೂ ಪರೀಕ್ಷಿಸಿದ್ದಳು. ಎಲ್ಲದರಲ್ಲೂ 35/64. ಪುಸ್ತಕದ ಉತ್ತರ ಮಾತ್ರ ಬೇರೆ. ಈ ಸಲ ಸಿಟ್ಟು ಪುಸ್ತಕದ ಮೇಲೆ.

ಸಾಲು ಸಾಲಿಗೆ ಸಂಖ್ಯೆ ಹಾಕುವ ಪರೀಕ್ಷೆಯ ಮಿತಿ ಇಲ್ಲಿ ಕಾಣುತ್ತದೆ. ಅದು ಒಂದು ಸಾಲು ಅದರ ಹಿಂದಿನ ಸಾಲಿಗೆ ಸಮವೇ ಎಂದು ಮಾತ್ರ ಹೇಳುತ್ತದೆ. ಡೆರಿವೇಟಿವ್ ತೆಗೆದ ಮೊದಲ ಸಾಲಿನಲ್ಲೇ ತಪ್ಪಿದ್ದರೆ ಕೆಳಗಿನ ಸಾಲುಗಳೆಲ್ಲ ಆ ತಪ್ಪಿನ ಜೊತೆಗೇ ಒಪ್ಪಿಕೊಂಡು ಹೋಗುತ್ತವೆ. ಬೀಜಗಣಿತದ ತಪ್ಪು ಸಿಗುತ್ತದೆ, ಕ್ಯಾಲ್ಕುಲಸ್ಸಿನದ್ದು ಸಿಗುವುದಿಲ್ಲ. ಅದಕ್ಕೆ ಡೆರಿವೇಟಿವ್ ಎಂದರೇನೋ ಅಲ್ಲಿಗೇ ಹೋಗಬೇಕು. ಮೊಬೈಲಿನ ಕ್ಯಾಲ್ಕುಲೇಟರ್‌ನಲ್ಲಿ x = 0.61 ಕ್ಕೆ y ಎಷ್ಟು, 0.59 ಕ್ಕೆ ಎಷ್ಟು ನೋಡು ಎಂದೆ. 0.7698 ಮತ್ತು 0.7307. ವ್ಯತ್ಯಾಸ 0.0391. ಅದನ್ನು 0.02 ರಿಂದ ಭಾಗಿಸಿದರೆ 1.95 ರ ಆಸುಪಾಸು. ಅವಳ 35/64 ಎಂದರೆ 0.55. ಹತ್ತಿರವೂ ಇಲ್ಲ.

ಈಗ ಕಣ್ಣು ಮೊದಲ ಸಾಲಿಗೆ ಹೋಯಿತು. √(1 − x²) ನ ಡೆರಿವೇಟಿವ್‌ನಲ್ಲಿ −2x ಬರಬೇಕು. ಅವಳು 2x ಬರೆದಿದ್ದಳು, ಹಿಂದಿನ ಎರಡು ಲೆಕ್ಕಗಳ ರೂಢಿ. ಆ ಋಣ ಚಿಹ್ನೆ ಕೋಶಂಟ್ ರೂಲಿನ ಋಣದ ಜೊತೆ ಸೇರಿ ಧನವಾಗುತ್ತದೆ. ಮೇಲೆ A + x² ಬರುತ್ತದೆ, ಅದು 1 − x² + x² = 1. ಉತ್ತರ 1 / (1 − x²)^(3/2). 3/5 ಹಾಕಿದರೆ 125/64, ಅಂದರೆ 1.953.

ಇದರಿಂದ ನಾನು ಹೇಳಿಕೊಡುವ ಕ್ರಮ ಸ್ವಲ್ಪ ಬದಲಾಗಿದೆ. ನೋಟ್ಸಿನಲ್ಲಿ ಸಾಲು ಬಿಟ್ಟುಹೋದ ಉದಾಹರಣೆ ಯಾರೇ ತಂದರೂ ಆ ಸಾಲುಗಳನ್ನು ನಾನು ಬರೆದುಕೊಡುವುದಿಲ್ಲ. ಸಮ ಚಿಹ್ನೆಗೆ ಸುತ್ತು ಹಾಕಿಸುತ್ತೇನೆ, ಆಮೇಲೆ ಅಂಕಿ ಬದಲಿಸಿದ ಲೆಕ್ಕವನ್ನು ಅವರಿಂದಲೇ ಮಾಡಿಸುತ್ತೇನೆ. ಪರೀಕ್ಷೆಗೆ 0 ಮತ್ತು 1 ಬೇಡ ಎನ್ನುತ್ತೇನೆ. 0 ಪದಗಳನ್ನೇ ಅಳಿಸಿಹಾಕುತ್ತದೆ, 1 ರಲ್ಲಿ x, x², √x ಎಲ್ಲಾ ಒಂದೇ ಆಗಿ ಕಾಣುತ್ತವೆ. ಇದಕ್ಕೆ ಹೊತ್ತು ಹಿಡಿಯುತ್ತದೆ. ಪರೀಕ್ಷೆಯ ಹಿಂದಿನ ದಿನ ಬಂದವರಿಗೆ ಹೀಗೆ ಮಾಡಲಾಗುವುದಿಲ್ಲ, ಸಾಲುಗಳನ್ನು ಬರೆದುಕೊಟ್ಟು ಕಳಿಸುವುದೇ ಸರಿ.

ಅವಳಿಗೆ ಮಾತ್ರ ಆ ದಿನ ಬೇರೆ ಏನೋ ಕಂಡಿತ್ತು. ಹಿಂದಿನ ಪುಟ ತಿರುಗಿಸಿ, "ಅಲ್ಲಿ 64/125, ಇಲ್ಲಿ 125/64. ಇದೆಂತ ಅಕ್ಕಾ, ಉಲ್ಟಾ ಬಂತು?" ಎಂದಳು. x / √(x² + 1) ಗೆ 3/4 ಹಾಕು ಎಂದೆ. 3/5 ಬಂತು. x / √(1 − x²) ಗೆ ಆ 3/5 ಹಾಕು ಎಂದೆ. 3/4 ಬಂತು. ಒಂದು ಮಾಡಿದ್ದನ್ನು ಇನ್ನೊಂದು ಬಿಡಿಸುತ್ತದೆ, ಎರಡೂ ಒಂದಕ್ಕೊಂದು ಇನ್ವರ್ಸ್. ಮೊದಲನೆಯದರಲ್ಲಿ x ಸ್ವಲ್ಪ ಸರಿದರೆ y ಅದರ 64/125 ರಷ್ಟು ಸರಿಯುತ್ತದೆ. ಹಿಂದಕ್ಕೆ ಬರುವಾಗ ಅದೇ ಸರಿದಾಟ 125/64 ರಷ್ಟಾಗಲೇಬೇಕು.

"ಎಲ್ಲಾ ಇನ್ವರ್ಸ್‌ಗೂ ಹೀಗೇನಾ?"

ಡೆರಿವೇಟಿವ್ ಸೊನ್ನೆಯಾಗದ ಕಡೆಯೆಲ್ಲ ಹೀಗೇ ಎಂದೆ. ಸೊನ್ನೆಯಾದರೆ ಏನಾಗುತ್ತದೆ ಎಂದು ನೋಡಲು y = x³ ನ್ನೂ ಅದರ ಇನ್ವರ್ಸ್ ಆದ ಘನಮೂಲವನ್ನೂ ಕೊಟ್ಟು, x = 0 ಯಲ್ಲಿ ಎರಡರ ಡೆರಿವೇಟಿವ್ ತೆಗೆದು ತಾ ಎಂದು ಕಳಿಸಿದೆ.